ಅರವತ್ತೊಂದು ಪ್ರಬಂಧಗಳ ಉಮೇದುವಾರ

ಭೂವಿಜ್ಞಾನ ವಿಭಾಗದಲ್ಲಿ ವಿದ್ಯಾರ್ಥಿಗಳು ಆಕೆಯನ್ನು ‘ಜರಡಿ’ ಎಂದು ಕರೆಯುತ್ತಿದ್ದರು. ನದಿಯ ಮರಳನ್ನು ಜರಡಿಯಿಂದ ಜರಡಿಗೆ ಇಳಿಸಿ ಕಣಗಳ ಗಾತ್ರ ಅಳೆಯುವುದೇ ಆಕೆಯ ಮೂವತ್ತು ವರ್ಷದ ಕಸುಬಾಗಿದ್ದರಿಂದ ಹೆಸರು ಅಲ್ಲಿಂದ ಬಂದಿತ್ತು. ಯಾರ ಪ್ರಬಂಧವೂ ಆಕೆಯ ಕೈಯಿಂದ ಮೊದಲ ಸಲಕ್ಕೆ ಕೆಳಗಿಳಿಯುತ್ತಿರಲಿಲ್ಲವಾದ್ದರಿಂದ ಉಳಿದುಕೊಂಡಿತ್ತು. ಆ ಹೆಸರು ಆಕೆಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ. ವಿಭಾಗದ ಮುಖ್ಯಸ್ಥರಿಗೆ ಇದ್ದ ಹೆಸರಿನ ಮುಂದೆ ತನ್ನದು ಗೌರವದ್ದೇ ಎಂದುಕೊಂಡಿದ್ದಳು. ಅವರನ್ನು ಎಲ್ಲರೂ ‘ನೋಡೋಣ’ ಅನ್ನುತ್ತಿದ್ದರು. ಲ್ಯಾಬಿಗೆ ಮರಳು ಒಣಗಿಸುವ ಹೊಸ ಒಲೆ ಬೇಕು ಅಂದರೆ ನೋಡೋಣ, ಚಾವಣಿ ಸೋರುತ್ತಿದೆ ಅಂದರೆ ನೋಡೋಣ. ಅವರು ಏನನ್ನಾದರೂ ನಿಜಕ್ಕೂ ನೋಡಿದ್ದನ್ನು ಕಂಡವರು ವಿಭಾಗದಲ್ಲಿ ಯಾರೂ ಇರಲಿಲ್ಲ.

ಅಂಥ ನೋಡೋಣ ಸಾಹೇಬರು ಒಂದು ಬೆಳಿಗ್ಗೆ ತಾವಾಗಿಯೇ ಆಕೆಯ ಕೋಣೆಗೆ ಬಂದು, ಕುರ್ಚಿ ಎಳೆದುಕೊಂಡು, ಕೂತರು. ಆಗಲೇ ಆಕೆಗೆ ಏನೋ ಎಡವಟ್ಟಿದೆ ಅನ್ನಿಸಿತು.

“ಅಂತರ್ಜಲದ ಸಹ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಬಂದಿದೆ. ಪರಿಶೀಲನಾ ಸಮಿತೀಲಿ ನೀವೂ ಇದೀರಿ,” ಅಂದರು. “ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಬೇಡ. ಒಬ್ರು ಎಲ್ಲರಿಗಿಂತ ತುಂಬಾ ಮೇಲಿದಾರೆ. ಅರವತ್ತೊಂದು ಪ್ರಕಟಣೆ. ದೊಡ್ಡ ಅನುದಾನ. ನೋಡಿದ್ರೆ ನಿಮಗೇ ಗೊತ್ತಾಗುತ್ತೆ.”

“ನೋಡ್ತೀನಿ,” ಅಂದಳು ಜರಡಿ.

ಆ ಮಾತಿಗೂ ತಮ್ಮ ಮಾತಿಗೂ ಇರುವ ವ್ಯತ್ಯಾಸ ಅವರಿಗೆ ಹೊಳೆಯಲಿಲ್ಲ. ನಗುತ್ತಾ ಎದ್ದು ಹೋದರು.

ಸಮಿತಿಯಲ್ಲಿ ನಾಲ್ಕು ಜನ. ನೋಡೋಣ ಅಧ್ಯಕ್ಷರು. ಡೀನ್ ಕಡೆಯಿಂದ ಒಬ್ಬ ಅರ್ಥಶಾಸ್ತ್ರಜ್ಞ. ಕಲ್ಲಿಗೂ ಇಟ್ಟಿಗೆಗೂ ವ್ಯತ್ಯಾಸ ಗೊತ್ತಿಲ್ಲದಿದ್ದರೂ ನಿಯಮದ ಪುಸ್ತಕ ಕಂಡರೆ ಎದ್ದು ನಿಲ್ಲುವ ಮನುಷ್ಯ. ಹೊರಗಿನ ತಜ್ಞರಾಗಿ ಬೇರೆ ವಿಶ್ವವಿದ್ಯಾಲಯದ ಒಬ್ಬ ನಿವೃತ್ತ ಪ್ರಾಧ್ಯಾಪಕರು. ಅವರು ಯಾವ ಸಭೆಗೆ ಬಂದರೂ ಮೊದಲ ಹತ್ತು ನಿಮಿಷದಲ್ಲೇ ಕಣ್ಣು ಮುಚ್ಚುತ್ತಿದ್ದರು. ಜರಡಿ ಅವರನ್ನು ಮನಸ್ಸಿನಲ್ಲೇ ‘ತೂಕಡಿಕೆ’ ಅನ್ನುತ್ತಿದ್ದಳು. ನಾಲ್ಕನೆಯವಳು ತಾನು. ಓದುವವಳು ತಾನೊಬ್ಬಳೇ ಎಂದು ಆಕೆಗೆ ಖಾತ್ರಿ ಇತ್ತು.

ಹುದ್ದೆಯ ಪ್ರಕಟಣೆಯನ್ನು ಎದುರಿಗಿಟ್ಟುಕೊಂಡು ಶುರು ಮಾಡಿದಳು. ಅದರಲ್ಲಿ ಕೇಳಿದ್ದು ಮೂರೇ ವಿಷಯ, ಆದರೆ ಸ್ಪಷ್ಟವಾಗಿ ಕೇಳಿತ್ತು. ಕಳೆದ ಐದು ವರ್ಷಗಳಲ್ಲಿ, ತಜ್ಞರ ವಿಮರ್ಶೆಗೆ ಒಳಪಟ್ಟ ನಿಯತಕಾಲಿಕೆಗಳಲ್ಲಿ ಕನಿಷ್ಠ ಆರು ಪ್ರಬಂಧ. ಆರರಲ್ಲಿ ಮೂರಕ್ಕಾದರೂ ಅರ್ಜಿದಾರರೇ ಮೊದಲ ಲೇಖಕ ಅಥವಾ ಹೊಣೆ ಹೊತ್ತ ಲೇಖಕ ಆಗಿರಬೇಕು. ಮುಖ್ಯ ಸಂಶೋಧಕರಾಗಿ ಹೊರಗಿನ ಸಂಸ್ಥೆಯಿಂದ ಪಡೆದ ಒಂದು ಅನುದಾನ. ವಾರಕ್ಕೆ ಹನ್ನೆರಡು ಗಂಟೆಯ ಬೋಧನಾ ಹೊರೆಯನ್ನು ಹೊತ್ತ ಅನುಭವ, ಅದರಲ್ಲಿ ಎರಡು ಕೋರ್ಸುಗಳ ಪೂರ್ತಿ ಜವಾಬ್ದಾರಿ. ಇವು ಮೂರೂ ಇದ್ದವರು ಒಳಗೆ, ಇಲ್ಲದವರು ಹೊರಗೆ. ಒಳಗೆ ಬಂದವರಿಗೆ ಆಮೇಲೆ ಅಂಕ.

ಅರವತ್ತೊಂದರ ರೆಸ್ಯುಮೆ ಒಂದು ಮದುವೆಯ ಆಲ್ಬಮ್ಮಿನಷ್ಟು ದಪ್ಪಗಿತ್ತು. ಮೊದಲ ಪುಟದಲ್ಲಿ ಅವನ ಫೋಟೋ; ಹಿಂದೆ ಒಂದು ಬಂಡೆ, ಕೈಯಲ್ಲಿ ಸುತ್ತಿಗೆ, ಮುಖದಲ್ಲಿ ಆ ಬಂಡೆಯನ್ನು ತಾನೇ ಹುಟ್ಟಿಸಿದ ಕಳೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಒಟ್ಟು ಪ್ರಕಟಣೆಗಳು: 61’. ಜರಡಿಗೆ ಮೈ ಉರಿಯಿತು. ಒಟ್ಟು ಎಷ್ಟು ಎಂದು ಯಾರು ಕೇಳಿದ್ದರು? ಅಂಗಿ ಹೊಲಿದು ತಾ ಅಂದರೆ ದರ್ಜಿ ಬಟ್ಟೆಯ ಗಂಟನ್ನೇ ತಂದು ಎದುರಿಗೆ ಹಾಕಿದ ಹಾಗೆ.

ಪೆನ್ಸಿಲ್ ಹಿಡಿದು ಕೂತಳು. ಐದು ವರ್ಷಕ್ಕೆ ಹಿಂದಿನವನ್ನು ಮೊದಲು ಹೊಡೆದಳು, ಇಪ್ಪತ್ತೇಳು ಹೋದವು. ಉಳಿದ ಮೂವತ್ತನಾಲ್ಕರಲ್ಲಿ ಹದಿನೈದು ಬರೀ ಸಮ್ಮೇಳನದ ಸಾರಾಂಶಗಳು. ಅರ್ಧ ಪುಟ ಬರೆದು ಕಳಿಸಿದವರಿಗೆಲ್ಲ ಮಧ್ಯಾಹ್ನದ ಊಟದ ಟೋಕನ್ ಜೊತೆ ಸಿಗುವಂಥವು. ಐದರ ಮುಂದೆ ‘ಪರಿಶೀಲನೆಯಲ್ಲಿದೆ’ ಎಂದಿತ್ತು. ಪರಿಶೀಲನೆಯಲ್ಲಿರುವುದು ಪ್ರಕಟಣೆ ಹೇಗಾಯಿತೋ, ಹಾಗಾದರೆ ತನ್ನ ತಲೆಯಲ್ಲಿರುವುದೂ ಪ್ರಕಟಣೆಯೇ. ಇನ್ನು ನಾಲ್ಕು, ಪಟ್ಟಿಯಲ್ಲಿದ್ದ ಪ್ರಬಂಧಗಳದ್ದೇ ಎರಡನೇ ವೇಷ: ಅಚ್ಚಿಗೆ ಮುನ್ನ ಪ್ರಿಪ್ರಿಂಟ್ ಆಗಿ ಒಂದು ಸಲ, ಅಚ್ಚಾದಮೇಲೆ ಶೀರ್ಷಿಕೆಯ ಒಂದು ಪದ ಬದಲಿಸಿ ಮತ್ತೊಂದು ಸಲ.

ಹತ್ತು ಉಳಿದವು. ಆ ಹತ್ತನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತೆರೆದಳು. ಆರು ಪ್ರಬಂಧಗಳು ಒಂದೇ ನಿಯತಕಾಲಿಕೆಯಲ್ಲಿದ್ದವು. ಅದೇ ಸಂಚಿಕೆಯಲ್ಲಿ ಹಲ್ಲಿನ ಹುಳುಕಿನ ಬಗ್ಗೆ, ಕೋಳಿ ಸಾಕಣೆಯ ಬಗ್ಗೆ, ಶಾಲಾ ಮಕ್ಕಳ ಏಕಾಗ್ರತೆಯ ಬಗ್ಗೆಯೂ ಲೇಖನಗಳಿದ್ದವು. ಪ್ರಬಂಧ ತಲುಪಿದ ತಾರೀಖಿಗೂ ಒಪ್ಪಿಕೊಂಡ ತಾರೀಖಿಗೂ ನಾಲ್ಕು ದಿನದ ಅಂತರ. ಆಕೆಯ ಒಂದು ಪ್ರಬಂಧ ವಿಮರ್ಶಕರ ಬಳಿ ಒಂದೂವರೆ ವರ್ಷ ಕೂತಿದ್ದು ನೆನಪಾಯಿತು. ಈ ನಾಲ್ಕು ದಿನದ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ ಪರಿಚಯದ ಹೆಸರೊಂದು ಕಂಡು ಅವರಿಗೆ ಫೋನು ಮಾಡಿದಳು.

“ನಾನಾ?” ಅಂದರು ಅವರು. “ಯಾವ ಪತ್ರಿಕೆ ಅದು? ಹೆಸರು ಇನ್ನೊಂದ್ಸಲ ಹೇಳಿ, ಬರ್ಕೊಳ್ತೀನಿ. ನಾನು ಸಂಪಾದಕ ಅಂತ ನಂಗೇ ಗೊತ್ತಿಲ್ವಲ್ಲ.”

ನಾಲ್ಕು ಉಳಿದವು. ರೆಸ್ಯುಮೆಯಲ್ಲಿ ಅವನ ಹೆಸರೊಂದೇ ದಪ್ಪಕ್ಷರದಲ್ಲಿದ್ದು ಉಳಿದವರು ‘ಮತ್ತಿತರರು’ ಆಗಿದ್ದರು. ಮೂಲ ಪ್ರಬಂಧ ತೆರೆದರೆ ಮೂರರಲ್ಲಿ ಮತ್ತಿತರರು ಅವನೇ. ಮೊದಲ ಲೇಖಕನಾಗಿದ್ದದ್ದು ಒಂದರಲ್ಲಿ ಮಾತ್ರ.

ಬೋಧನೆಯ ಪುಟವಂತೂ ಓದಲು ಮಜವಾಗಿತ್ತು. ಎಂಟು ಕೋರ್ಸುಗಳ ಹೆಸರು. ಆದರೆ ಅವನು ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರದಲ್ಲಿ ತರಗತಿಗಳೇ ಇಲ್ಲ ಎಂಬುದು ಈ ವಿಷಯದವರಿಗೆಲ್ಲ ಗೊತ್ತಿದ್ದದ್ದೇ. ಜೊತೆಗೆ ಲಗತ್ತಿಸಿದ ಪ್ರಮಾಣಪತ್ರದಲ್ಲಿ ‘ಅತಿಥಿ ಉಪನ್ಯಾಸಗಳನ್ನು ನೀಡಿದ್ದಾರೆ’ ಎಂದಿತ್ತು. ಎಷ್ಟು, ಯಾವಾಗ, ಯಾರಿಗೆ, ಪರೀಕ್ಷೆಯ ಪತ್ರಿಕೆ ತಿದ್ದಿದವರು ಯಾರು, ಒಂದೂ ಇಲ್ಲ. ಊಟಕ್ಕೆ ಬಂದವನು ಅಡುಗೆಯೂ ನನ್ನದೇ ಅಂದ ಹಾಗೆ.

ಅನುದಾನದ ಪಟ್ಟಿಯಲ್ಲಿ ಮೊತ್ತದ ಕಾಲಂ ಇತ್ತು, ಅವಧಿಯ ಕಾಲಂ ಇತ್ತು, ಪಾತ್ರದ ಕಾಲಂ ಇರಲಿಲ್ಲ. ಅನುದಾನ ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದ ವಿವರವನ್ನು ಜರಡಿ ತೆರೆದು ನೋಡಿದಳು. ಇವನು ಐದು ಜನ ಸಹ ಸಂಶೋಧಕರಲ್ಲಿ ನಾಲ್ಕನೆಯವನು. ಮುಖ್ಯ ಸಂಶೋಧಕರ ಜಾಗದಲ್ಲಿದ್ದ ಹೆಸರು ಓದಿ ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ನೋಡೋಣ ಸಾಹೇಬರು.

ಅರವತ್ತೊಂದರ ಪಟ್ಟಿಗೆ ವಾಪಸ್ಸು ಹೋಗಿ ‘ಮತ್ತಿತರರು’ ಯಾರೆಂದು ಹುಡುಕುತ್ತಾ ಹೋದಳು. ಒಂಬತ್ತು ಕಡೆ ಅದೇ ಸಾಹೇಬರು.

ಇಷ್ಟಾದಮೇಲೆ ಬೇರೆಯವರ ಅರ್ಜಿಗಳನ್ನು ಕೈಗೆತ್ತಿಕೊಂಡಳು. ಹೆಚ್ಚಿನವು ಒಂದಲ್ಲ ಒಂದು ಕಡೆ ಸೋರುತ್ತಿದ್ದವು. ಇಬ್ಬರು ಸಾಧಾರಣದವರು ಹೇಗೋ ದಾಟಿಕೊಂಡರು. ಕೊನೆಯದು ಬರೀ ಐದು ಪುಟ. ಹೆಸರು ಓದಿದ ಕೂಡಲೇ ಜರಡಿ “ಅಯ್ಯೋ, ಇವಳಾ,” ಅಂದದ್ದು ಕಾರಿಡಾರಿಗೆ ಕೇಳಿಸಿತು.

ಅದು ಆಕೆಯ ಹಳೆಯ ವಿದ್ಯಾರ್ಥಿನಿ. ಆಕೆಯ ಕೈಕೆಳಗೇ ಪಿಎಚ್.ಡಿ. ಮುಗಿಸಿದವಳು. ಬೀಳ್ಕೊಡುಗೆಯ ದಿನ ಎಲ್ಲ ವಿದ್ಯಾರ್ಥಿಗಳೂ ತಮ್ಮ ತಮ್ಮ ಮಾರ್ಗದರ್ಶಕರನ್ನು ತಾಯಿ, ತಂದೆ, ದೀಪ ಎಂದೆಲ್ಲ ಹೊಗಳುತ್ತಿದ್ದಾಗ, ಇವಳು ಎದ್ದು, “ಮೇಡಂ ನನಗೆ ಕಲಿಸಿದ್ದು ಎರಡು. ಅಳತೆ, ಅವಮಾನ. ಎರಡೂ ಚೆನ್ನಾಗಿ ಕಲಿಸಿದ್ರು,” ಎಂದು ಹೇಳಿ ಕೂತಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಸಮ್ಮೇಳನಗಳಲ್ಲಿ ಎದುರಾದರೆ ಇಬ್ಬರೂ ಪೋಸ್ಟರ್ ನೋಡುವವರ ಹಾಗೆ ಗೋಡೆಯ ಕಡೆ ತಿರುಗುತ್ತಿದ್ದರು.

ರೆಸ್ಯುಮೆ ಬರೆದ ರೀತಿ ನೋಡಿ ಜರಡಿಗೆ ಅರವತ್ತೊಂದನ್ನು ಕಂಡಾಗ ಬಂದಷ್ಟೇ ಸಿಟ್ಟು ಬಂತು. ಪ್ರಬಂಧಗಳು ಏಳು, ಒಂದರ ಕೆಳಗೊಂದು, ತರಕಾರಿ ಚೀಟಿಯಂತೆ. ಯಾವುದರಲ್ಲಿ ತಾನು ಹೊಣೆ ಹೊತ್ತ ಲೇಖಕಿ ಎಂಬ ಗುರುತೇ ಇಲ್ಲ. ಅನುದಾನ ‘ಇತರೆ’ ಎಂಬ ತಲೆಬರಹದಡಿ, ಅಲ್ಲೆಲ್ಲೋ ಕಂಪ್ಯೂಟರ್ ಜ್ಞಾನದ ಪಕ್ಕ. ಬೋಧಿಸಿದ ಕೋರ್ಸುಗಳು ಎಂಬಲ್ಲಿ ಬರೆದದ್ದು ಒಂದೇ ಪದ: ‘ಎಲ್ಲವೂ’.

‘ಎಲ್ಲವೂ! ಇದೇನು ವಿನಯವೋ ಕೊಬ್ಬೋ’ ಎಂದು ಜರಡಿ ಪುಟ ಮಡಚಿದಳು. ಒಬ್ಬ ಇಲ್ಲದ್ದನ್ನೆಲ್ಲ ತುಂಬಿ ಸಮಿತಿಯನ್ನು ಮಂಗ ಮಾಡಲು ಹೊರಟರೆ, ಇನ್ನೊಬ್ಬಳು ಇರುವುದನ್ನೂ ಹೇಳದೆ, ಬೇಕಾದರೆ ಹುಡುಕಿಕೊಳ್ಳಿ ಎಂದು ಸಮಿತಿಯ ಮುಖಕ್ಕೆ ಎಸೆದಿದ್ದಳು.

ಮನೆಗೆ ಬಂದಮೇಲೆ ಗಂಡನಿಗೆ ಎಲ್ಲ ಹೇಳಿದಳು. ಅವರು ಕಣ್ಣಿನ ಡಾಕ್ಟರಾಗಿದ್ದವರು. ಈಗ ನಿವೃತ್ತಿಯಾಗಿ ಅಡುಗೆಮನೆಯ ಮಾಲೀಕತ್ವ ವಹಿಸಿಕೊಂಡಿದ್ದರು. ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಂಡರು.

“ಹಾಗಾದ್ರೆ ಸಾಹೇಬ್ರು ಸಮಿತೀಲಿ ಇರೋ ಹಾಗಿಲ್ವಲ್ಲ?” ಅಂದರು.

“ಜೊತೇಲಿ ಬರೆದವರು, ಜೊತೇಲಿ ಅನುದಾನ ತಗೊಂಡವರು ಮೊದ್ಲೇ ಹೇಳಿ, ಆ ಅರ್ಜಿ ಚರ್ಚೆಗೆ ಬಂದಾಗ ಎದ್ದು ಆಚೆ ಹೋಗ್ಬೇಕು. ಸಂಬಂಧದ ಘೋಷಣೆ ಅಂತ ಒಂದು ನಮೂನೆ ಇದೆ. ಆ ಮನುಷ್ಯ ಅದನ್ನ ಯಾರಿಗೂ ಕೊಟ್ಟೇ ಇಲ್ಲ.”

“ನೀನು ಕೇಳು.”

ಜರಡಿ ಈರುಳ್ಳಿ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡತೊಡಗಿದಳು. ಗಂಡ ಚಾಕು ನಿಲ್ಲಿಸಿ ಮುಖ ನೋಡಿದರು.

“ಏನೇ?”

“ಅದೇ ನಮೂನೇಲಿ ಇನ್ನೊಂದು ಸಾಲಿದೆ. ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿದವರೂ ಆಚೆ ಹೋಗ್ಬೇಕು.”

“ಯಾರು, ಆ ಅಳತೆ ಅವಮಾನದ ಹುಡುಗೀನಾ?” ಗಂಡನಿಗೆ ಆ ಮಾತು ಬಾಯಿಪಾಠವಾಗಿತ್ತು, ಮನೆಯಲ್ಲಿ ಜಗಳ ಆದಾಗಲೆಲ್ಲ ಬಳಸುತ್ತಿದ್ದರು. “ಅವಳು ಬಂದ್ರೆ ನಿಂಗೇನು, ಬರದೇ ಇದ್ರೆ ನಿಂಗೇನು? ಆಚೆ ಹೋಗಿ ಗಾಳಿ ಕುಡ್ಕೊಂಡು ಬಾ.”

“ನಾನು ಆಚೆ ಹೋದ್ರೆ ಒಳಗೆ ಯಾರಿರ್ತಾರೆ ಗೊತ್ತಾ? ನೋಡೋಣ, ನಿಯಮದ ಪುಸ್ತಕ, ತೂಕಡಿಕೆ. ಅವಳ ಏಳು ಪ್ರಬಂಧನ ಓದೋರು ಯಾರು? ‘ಎಲ್ಲವೂ’ ಅಂತ ಬರ್ದಿದಾಳೆ ಪುಣ್ಯಾತ್ಗಿತ್ತಿ. ಸೊನ್ನೆ ಹಾಕಿ ಮುಗಿಸ್ತಾರೆ.”

“ಹಾಗಾದ್ರೆ ಕೇಳ್ಬೇಡ. ಇಬ್ರೂ ಒಳಗೇ ಇರಿ.”

ಅದು ಇನ್ನೂ ಹೊಲಸು. ಆಕೆ ನೋಡೋಣರ ಹಾಗೆ ಆಗುವುದು, ಅವರ ಪಕ್ಕದ ಕುರ್ಚಿಯಲ್ಲಿ ಅವರದ್ದೇ ಕೆಲಸ ಮಾಡುವುದು. ಆ ಹಳೆಯ ವಿದ್ಯಾರ್ಥಿನಿ ಇಷ್ಟವಾಗಿದ್ದರೆ ಜರಡಿ ಬಹುಶಃ ಒಂದು ರಾತ್ರಿ ಒದ್ದಾಡುತ್ತಿದ್ದಳು. ಇಷ್ಟ ಇರಲಿಲ್ಲವಾದ್ದರಿಂದ ಊಟ ಮುಗಿಯುವಷ್ಟರಲ್ಲಿ ತೀರ್ಮಾನವಾಯಿತು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಲೆ ನೀರಿನ ಬಾಟಲಿಗಳು, ಮೂಲೆಯಲ್ಲಿ ಕೆಟ್ಟ ಪ್ರೊಜೆಕ್ಟರ್. ನೋಡೋಣ ಸಾಹೇಬರು ಅಂಕದ ಹಾಳೆಗಳನ್ನು ಹಂಚಿದರು. ಮೊದಲ ಕಾಲಂ: ಒಟ್ಟು ಪ್ರಕಟಣೆಗಳ ಸಂಖ್ಯೆ. ಎರಡನೆಯದು: ಅನುದಾನದ ಒಟ್ಟು ಮೊತ್ತ. ಮೂರನೆಯದು: ಕೋರ್ಸುಗಳ ಸಂಖ್ಯೆ. ತಮ್ಮ ಉಮೇದುವಾರನ ಮೈ ಅಳತೆ ತೆಗೆದು ಹೊಲಿಸಿದ ಹಾಳೆ.

“ಈ ಹಾಳೆ ಯಾವ ಹುದ್ದೇದು?” ಅಂದಳು ಜರಡಿ.

“ಇದೇ ಹುದ್ದೇದು ಮೇಡಂ.”

“ನಾವು ಪ್ರಕಟಿಸಿದ್ದರಲ್ಲಿ ಐದು ವರ್ಷ ಅಂತಿದೆ. ಲೇಖಕರ ಪಾತ್ರ ಅಂತಿದೆ. ಮುಖ್ಯ ಸಂಶೋಧಕ ಅಂತಿದೆ. ವಾರಕ್ಕೆ ಹನ್ನೆರಡು ಗಂಟೆ ಅಂತಿದೆ. ಇದರಲ್ಲಿ ಒಂದೂ ಇಲ್ವಲ್ಲ.”

“ಎಲ್ಲಾ ಅದರೊಳಗೇ ಬರುತ್ತೆ,” ಅಂದರು ನೋಡೋಣ. “ಒಂದು ಸ್ಥೂಲ ಅಂದಾಜಿಗೆ.”

ಅರ್ಥಶಾಸ್ತ್ರಜ್ಞ ಪ್ರಕಟಣೆಯನ್ನೂ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ಬೆರಳಿಟ್ಟು ಓದಿ, ಬೆವರಿದ. “ಪ್ರಕಟಣೆಗೆ ತಕ್ಕ ಹಾಗೇ ಇರ್ಬೇಕು ಸರ್. ಯಾರಾದ್ರೂ ಕೋರ್ಟಿಗೆ ಹೋದ್ರೆ ಡೀನ್ ನನ್ನ ಸುಮ್ನೆ ಬಿಡಲ್ಲ.” ಕಾಲಂಗಳನ್ನು ಪೆನ್ನಿನಲ್ಲೇ ತಿದ್ದಲಾಯಿತು. ಆ ಮನುಷ್ಯನ ಪುಕ್ಕಲುತನವೂ ಒಂದು ಉಪಯೋಗಕ್ಕೆ ಬಂತಲ್ಲ ಎಂದುಕೊಂಡಳು ಜರಡಿ.

“ಇನ್ನೊಂದು,” ಅಂದಳು. “ಸಂಬಂಧದ ಘೋಷಣೆ ಯಾರೂ ಸಹಿ ಮಾಡಿಲ್ಲ. ನಾನು ನಾಲ್ಕು ಪ್ರತಿ ತಂದಿದೀನಿ. ನನ್ನದನ್ನ ತುಂಬಿದೀನಿ. ಕೊನೇ ಅರ್ಜಿದಾರರು ನನ್ನ ಪಿಎಚ್.ಡಿ. ವಿದ್ಯಾರ್ಥಿನಿ. ಅವರ ಸರದಿ ಬಂದಾಗ ನಾನು ಆಚೆ ಇರ್ತೀನಿ. ಅಂಕಾನೂ ಕೊಡಲ್ಲ.”

ನಾಲ್ಕನೆಯ ಪ್ರತಿಯನ್ನು ನೋಡೋಣರ ಎದುರಿಗೆ ಸರಿಸಿದಳು. ಅವರು ಅದನ್ನು ಮುಟ್ಟಲಿಲ್ಲ.

“ನೋಡಿ, ನಮ್ಮದು ಚಿಕ್ಕ ಕ್ಷೇತ್ರ. ಎಲ್ಲರೂ ಎಲ್ಲರ ಜೊತೇನೂ ಬರೆದಿರ್ತಾರೆ. ಹೀಗೆ ಹಿಡ್ಕೊಂಡು ಹೋದ್ರೆ ಸಮಿತೀನೇ ಇರಲ್ಲ.”

“ನಾನು ಆ ಅರವತ್ತೊಂದು ಪ್ರಬಂಧದವರ ಜೊತೆ ಒಂದೂ ಬರೆದಿಲ್ಲ,” ಅಂದಳು ಜರಡಿ. “ನೀವು ಒಂಬತ್ತು ಬರೆದಿದೀರಿ. ಅವರು ತೋರಿಸಿರೋ ಅನುದಾನ ನಿಮ್ಮದು.”

ತೂಕಡಿಕೆ ಕಣ್ಣು ತೆರೆದರು. ಅರ್ಥಶಾಸ್ತ್ರಜ್ಞ ಪೆನ್ನನ್ನು ನೋಡೋಣರ ಕಡೆ ಚಾಚಿದ. ಚಾಚಿದ ಪೆನ್ನು ಹಿಂದೆ ಹೋಗಲಿಲ್ಲ. ಸಾಹೇಬರು ನಗುತ್ತಲೇ ಸಹಿ ಹಾಕಿ, ನಗುತ್ತಲೇ ಎದ್ದು, ನಗುವನ್ನು ಬಾಗಿಲ ತನಕ ಒಯ್ದು ಆಚೆ ಹೋದರು.

ಅರವತ್ತೊಂದರ ವಿಷಯ ಬೇಗ ಮುಗಿಯಿತು. ಜರಡಿ ಮೂಲ ಪ್ರಬಂಧಗಳನ್ನೂ ಅನುದಾನದ ಪುಟವನ್ನೂ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸಿದಳು. ತೂಕಡಿಕೆ ಒಂದೇ ಪ್ರಶ್ನೆ ಕೇಳಿದರು: “ಆ ಆರನ್ನ ಪತ್ರಿಕೆ ಹೆಸರು ನೋಡಿ ತೆಗೆದ್ರೋ, ಓದಿ ತೆಗೆದ್ರೋ?” ಆಕೆಗೆ ಕೋಪ ಬಂತು. ಓದಿಯೇ ತೆಗೆದಿದ್ದೇನೆ, ಎರಡರಲ್ಲಿ ಒಂದೇ ನಕ್ಷೆ ಬೇರೆ ಬೇರೆ ಊರಿನದು ಎಂದು ಅಚ್ಚಾಗಿದೆ ಎಂದು ತೋರಿಸಿದಳು. ಅವರು ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದರು. ಆರು ಪ್ರಬಂಧದ ಜಾಗದಲ್ಲಿ ನಾಲ್ಕು, ಮೂರರ ಜಾಗದಲ್ಲಿ ಒಂದು, ಮುಖ್ಯ ಸಂಶೋಧಕನಾಗಿ ಅನುದಾನ ಇಲ್ಲ, ಬೋಧನಾ ಹೊರೆಗೆ ದಾಖಲೆ ಇಲ್ಲ. ಅನರ್ಹ ಎಂದು ಬರೆದು ಮೂವರೂ ಸಹಿ ಹಾಕಿದರು.

ನೋಡೋಣ ಸಾಹೇಬರನ್ನು ಒಳಗೆ ಕರೆದರು. ಹಾಳೆಯನ್ನು ಓದಿದಾಗ ಅವರ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ. ಉಳಿದ ಅರ್ಜಿಗಳು ಒಂದೊಂದೇ ಮುಗಿದವು. ಆಮೇಲೆ ಜರಡಿ ಎದ್ದಳು. ಬಾಗಿಲು ದಾಟುವಾಗ ಸಾಹೇಬರು, “ಆರಾಮಾಗಿರಿ ಮೇಡಂ, ನಾವು ನೋಡ್ಕೋತೀವಿ,” ಅಂದರು.

ಕಾರಿಡಾರಿನ ಬೆಂಚಿನ ಎದುರಿಗೆ ಶಿಲೆಗಳ ಗಾಜಿನ ಬೀರು ಇತ್ತು. ಅರ್ಧ ಶಿಲೆಗಳ ಚೀಟಿ ತಪ್ಪಾಗಿದ್ದವು. ಯಾರೋ ಬಣ್ಣ ಹೊಡೆಸುವಾಗ ಎಲ್ಲ ಕೆಳಗಿಳಿಸಿ, ತೋಚಿದ ಹಾಗೆ ವಾಪಸ್ಸು ಇಟ್ಟಿದ್ದರು. ಸರಿ ಮಾಡಿಸಿ ಅಂದಾಗ ಸಿಕ್ಕ ಉತ್ತರ ಹೇಳಬೇಕಾಗಿಲ್ಲ. ಆಕೆ ಕೂತು, ಒಳಗಿನ ಮಾತು ಕೇಳಿಸುತ್ತದೇನೋ ಎಂದು ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ತನ್ನ ಬಗ್ಗೆಯೇ ಆಕೆಗೆ ಹೇಸಿಗೆಯಾಯಿತು. ಬಾಗಿಲ ಸಂದಿಗೆ ಕಿವಿ ಕೊಡುವ ಹೆಂಗಸಾದೆನೇ ನಾನು? ಅದೂ ಯಾರಿಗೋಸ್ಕರ? ಅವಳ ಏಳು ಪ್ರಬಂಧಗಳಲ್ಲಿ ಎರಡನ್ನು ತಾನು ಹಿಂದೆಯೇ ಓದಿದ್ದಳು. ಅದರಲ್ಲೊಂದರ ಮೂರನೆಯ ಕೋಷ್ಟಕದಲ್ಲಿ ಒಂದು ತಪ್ಪೂ ಕಂಡಿತ್ತು. ಉಳಿದದ್ದು ಚೊಕ್ಕಟವಾಗಿತ್ತು ಎಂಬುದು ಇನ್ನೂ ಹೆಚ್ಚಿನ ಉರಿ.

ಅರವತ್ತೊಂದಕ್ಕೆ ಹಿಡಿದದ್ದಕ್ಕಿಂತ ಇದಕ್ಕೆ ಎಷ್ಟೋ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಅರ್ಥಶಾಸ್ತ್ರಜ್ಞ ಬಂದು ಕರೆದ. ಸಂದರ್ಶನಕ್ಕೆ ಮೂವರ ಹೆಸರಿನ ಪಟ್ಟಿ ಮೇಜಿನ ಮೇಲಿತ್ತು. ಸಾಧಾರಣದ ಇಬ್ಬರು, ಮತ್ತು ಮೇಲ್ಗಡೆ ಅವಳು. ಜರಡಿ ಯಾರನ್ನೂ ಏನೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ನೋಡೋಣ ಸಾಹೇಬರು ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿದ್ದರು.

ಸಂದರ್ಶನದ ದಿನವೂ ಆಕೆ ಆಚೆಯೇ ಇದ್ದಳು. ಆದರೆ ಅಂದು ನಡೆದದ್ದು ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ನಿಮಗೇನಾದರೂ ಕೇಳುವುದಿದೆಯೇ ಎಂದು ಸಾಹೇಬರು ಕೊನೆಗೆ ಕೇಳಿದ್ದಾರೆ. ಇದೆ ಎಂದು ಅವಳು ಹುದ್ದೆಯ ಪ್ರಕಟಣೆಯನ್ನು ತೆಗೆದು ಮೇಜಿನ ಮೇಲಿಟ್ಟಿದ್ದಾಳೆ. “ಇಲ್ಲಿ ವಾರಕ್ಕೆ ಹನ್ನೆರಡು ಗಂಟೆ ಅಂತಿದೆ. ನಿಮ್ಮ ವೇಳಾಪಟ್ಟಿ ನೋಟೀಸ್ ಬೋರ್ಡಲ್ಲಿ ನೋಡ್ದೆ. ಈ ಖಾಲಿ ಹುದ್ದೆಗೆ ಇಪ್ಪತ್ತು ಗಂಟೆ ಬರೆದಿದೀರಿ. ಯಾವುದು ನಿಜ?” ಸಾಹೇಬರು ತಮ್ಮ ಮಾಮೂಲಿ ಮಾತು ಹೇಳಿದ್ದಾರೆ. “ನೋಡೋಕೆ ಏನಿದೆ ಸರ್,” ಎಂದಿದ್ದಾಳೆ ಅವಳು. “ನೀವು ನನ್ನ ರೆಸ್ಯುಮೆನ ಪ್ರಕಟಣೆ ಜೊತೆ ಹೋಲಿಸಿದ್ರಿ. ನಾನು ನಿಮ್ಮ ವಿಭಾಗಾನ ಅದೇ ಪ್ರಕಟಣೆ ಜೊತೆ ಹೋಲಿಸ್ತಾ ಇದೀನಿ. ಹನ್ನೆರಡು ಅಂತ ನೇಮಕದ ಪತ್ರದಲ್ಲಿ ಬರೆದ್ರೆ ಬರ್ತೀನಿ.” ಡೀನ್ ಕಡೆಯವನಿಗೆ ಮತ್ತೆ ಕೋರ್ಟು ನೆನಪಾಗಿದೆ. ಬರೆಯುವುದು ಎಂದು ಅಲ್ಲೇ ಆಯಿತು.

ನೇಮಕ ಮುಗಿದು ಆದೇಶ ಹೊರಬಿದ್ದಮೇಲೆ, ಯಾವುದೋ ಮೌಖಿಕ ಪರೀಕ್ಷೆಗೆಂದು ಬಂದಿದ್ದ ತೂಕಡಿಕೆ ಕಾರು ನಿಲ್ಲಿಸುವ ಜಾಗದಲ್ಲಿ ಜರಡಿಗೆ ಸಿಕ್ಕರು.

“ಈಗ ಹೇಳ್ಬಹುದು,” ಅಂದರು. “ನಿಮ್ಮ ಶಿಷ್ಯೆಗೆ ರೆಸ್ಯುಮೆ ಬರೆಯೋಕೆ ನೀವು ಕಲಿಸಲೇ ಇಲ್ಲ.”

“ಅವಳು ಹೇಳಿಸಿಕೊಳ್ಳೋ ಪೈಕಿ ಅಲ್ಲ.”

“ನಿಮ್ಮ ಸಾಹೇಬ್ರು ‘ಎಲ್ಲವೂ’ ಅಂದ್ರೆ ಏನೂ ಇಲ್ಲ ಅಂತ ಸೊನ್ನೆ ಹಾಕೋಕೆ ಹೊರಟಿದ್ರು. ನಾನು ಕೊನೇ ಪುಟದ ಸೇವಾ ಪ್ರಮಾಣಪತ್ರ ತೆಗೆದು ಓದ್ದೆ. ಆ ಕಾಲೇಜಿನ ವಿಭಾಗದಲ್ಲಿ ಇರೋದು ಅವಳೊಬ್ಬಳೇ. ವಾರಕ್ಕೆ ಹದಿನೆಂಟು ಗಂಟೆ, ಮೂರೂ ವರ್ಷದ ಪಾಠ, ಪ್ರಯೋಗಾಲಯ ಬೇರೆ. ಪ್ರಾಂಶುಪಾಲರ ಸಹಿ, ವೇಳಾಪಟ್ಟಿ, ಎಲ್ಲಾ ಲಗತ್ತಾಗಿತ್ತು. ಏಳು ಪ್ರಬಂಧದಲ್ಲಿ ಐದಕ್ಕೆ ಹೊಣೆ ಹೊತ್ತ ಲೇಖಕಿ ಅವಳೇ. ಅನುದಾನ ಚಿಕ್ಕದು, ಆದ್ರೆ ಮುಖ್ಯ ಸಂಶೋಧಕಿ ಅವಳೇ. ಬರೆದಿಲ್ಲ ಅಷ್ಟೆ.”

“ನೀವು ಏಳನ್ನೂ ಓದಿದ್ರಾ?” ಜರಡಿಯ ದನಿಯಲ್ಲಿ ನಂಬಿಕೆ ಇರಲಿಲ್ಲ.

“ಹೊಟೇಲಲ್ಲಿ ಓದಿದ್ದೆ. ಅದಕ್ಕೇ ಸಭೇಲಿ ನಿದ್ದೆ.” ಕಾರಿನ ಬಾಗಿಲು ತೆರೆಯುತ್ತಾ ಮುದುಕ ಹೇಳಿದರು, “ಒಂದರ ಮೂರನೇ ಕೋಷ್ಟಕ ತಪ್ಪಿದೆ. ಅಂಕ ಕಳೆದೆ.”

ಸಭೆಗಳಲ್ಲಿ ಎದುರಿಗೆ ಕೂತು ಗೊರಕೆಗೆ ಕಾಯುತ್ತಾ ತಾನು ಮನಸ್ಸಿನಲ್ಲೇ ಹಂಗಿಸುತ್ತಿದ್ದ ಮನುಷ್ಯ ಹೀಗೆ ಓದುವವನು ಎಂದು ತಿಳಿದದ್ದು ಜರಡಿಗೆ ಸಂತೋಷ ತರಲಿಲ್ಲ. ತಿರಸ್ಕಾರ ಮಾಡಲು ಒಬ್ಬ ಕಡಿಮೆಯಾದನಲ್ಲ ಎಂಬ ಕಿರಿಕಿರಿಯಷ್ಟೇ ಉಳಿಯಿತು.

ಅರವತ್ತೊಂದರ ಉಮೇದುವಾರ ಮೊದಲು ಒಂದು ದೂರು ಬರೆದ. ಅದಕ್ಕೂ ಅನೇಕ ಲಗತ್ತುಗಳಿದ್ದವು. ಆಮೇಲೆ ಬೇರೆ ಕಡೆ, ಇದಕ್ಕಿಂತ ದೊಡ್ಡ ಹುದ್ದೆಗೆ ಸೇರಿದ ಸುದ್ದಿ ಬಂತು. ಅಷ್ಟರಲ್ಲಿ ಅವನ ಪ್ರಕಟಣೆ ಎಪ್ಪತ್ತನ್ನು ದಾಟಿತ್ತಂತೆ. ಅಲ್ಲಿ ಓದುವವರು ಯಾರೂ ಇರಲಿಲ್ಲ, ಎಣಿಸುವವರಿದ್ದರು ಎಂದು ಜರಡಿ ಗಂಡನಿಗೆ ಹೇಳಿದಳು. ನೋಡೋಣ ಸಾಹೇಬರು ಹಾಗೆಯೇ ಮುಖ್ಯಸ್ಥರಾಗಿ, ಹಾಗೆಯೇ ನಗುತ್ತಾ ಮುಂದುವರಿದರು. ಆ ಘೋಷಣೆಯ ನಮೂನೆಯನ್ನು ಈಗ ಪ್ರತಿ ಸಭೆಯಲ್ಲೂ ತಾವೇ ಹಂಚುತ್ತಿದ್ದರು, ತಮ್ಮದೇ ಆಲೋಚನೆ ಎಂಬಂತೆ.

ಹೊಸಬಳು ಕೆಲಸಕ್ಕೆ ಸೇರಿದ ವಾರ ಜರಡಿಯ ಕೋಣೆಗೆ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕೂರಲಿಲ್ಲ.

“ನೀವೇ ನನ್ನನ್ನ ಇಲ್ಲಿಗೆ ತಂದಿದ್ದು ಅಂತ ಎಲ್ಲರೂ ಹೇಳ್ತಿದಾರೆ ಮೇಡಂ.”

“ಸುಳ್ಳು. ನಿನ್ನ ಸರದಿ ಬಂದಾಗ ನಾನು ಕಾರಿಡಾರಲ್ಲಿ ಕೂತಿದ್ದೆ.”

“ಆಫೀಸಲ್ಲಿ ವಿಚಾರಿಸ್ದೆ. ಹಾಗೇ ಹೇಳಿದ್ರು.” ಅವಳ ಭುಜ ಸ್ವಲ್ಪ ಸಡಿಲವಾಯಿತು. “ಒಳ್ಳೇದಾಯ್ತು. ಇಲ್ಲಾಂದ್ರೆ ನಿಮಗೆ ಥ್ಯಾಂಕ್ಸ್ ಹೇಳ್ಬೇಕಾಗ್ತಿತ್ತು.”

“ಹೇಳ್ಬೇಕಾದ್ದು ಆ ಹೊರಗಿನ ತಜ್ಞರಿಗೆ. ನಿನ್ನ ರೆಸ್ಯುಮೆ ನಾಚಿಕೆಗೇಡು. ಅಂಥದ್ದನ್ನ ನನ್ನ ವಿದ್ಯಾರ್ಥಿ ಬರೆದಿದ್ದು ಅಂತ ನಾಲ್ಕು ಜನ ನೋಡಿದ್ರು.”

“ನಂಗೆ ಅದನ್ನ ಅಲಂಕಾರ ಮಾಡೋಕೆ ಟೈಮಿರಲಿಲ್ಲ. ವಾರಕ್ಕೆ ಹದಿನೆಂಟು ಗಂಟೆ ಪಾಠ ಇತ್ತು.”

“ಅದನ್ನ ಅದರಲ್ಲಿ ಬರಿ ಅಂತಾನೇ ಕೇಳಿದ್ದು.”

ಅವಳ ಬಾಯಿಯ ಒಂದು ಮೂಲೆ ಅಲುಗಿತು, ನಗು ಎನ್ನುವಷ್ಟಿರಲಿಲ್ಲ. “ಒಲೆ ಇರೋ ಲ್ಯಾಬ್ ಹಂಚ್ಕೋಬೇಕಂತೆ. ನಂಗೆ ಮಂಗಳವಾರ, ಗುರುವಾರ ಬೇಕು.”

“ಮಂಗಳವಾರ ನಂದು.”

“ಪ್ರಕಟಣೇಲಿ ಪ್ರಯೋಗಾಲಯ ಸೌಲಭ್ಯ ಅಂತ ಬರೆದಿದೀರಿ.”

ಜರಡಿ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. ವಿಭಾಗದಲ್ಲಿ ಹೀಗೆ ನೇರ ನಿಂತು ಜಗಳಕ್ಕೆ ಬಂದವರನ್ನು ಕಂಡು ಬಹಳ ಕಾಲವಾಗಿತ್ತು.

“ಬುಧವಾರ, ಗುರುವಾರ,” ಅಂದಳು. “ಒಲೆ ಆರಿದ ಮೇಲೆ ಒಳಗೆ ಒರೆಸಬೇಕು. ಮತ್ತೆ ಆ ಮೂರನೇ ಕೋಷ್ಟಕಕ್ಕೆ ತಿದ್ದುಪಡಿ ಕಳಿಸು. ಎಲ್ಲೋ ಅಳತೆಯ ಏಕಮಾನ ತಪ್ಪಿದೆ.”

ಅವಳ ಮುಖ ಕೆಂಪಾಯಿತು. ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಎಳೆದುಕೊಂಡು ಹೋದಳು. ಜರಡಿ ಗಡಿಯಾರ ನೋಡಿ, ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ತರಗತಿಗೆ ಹೊರಟಳು.